ಎಲ್ಲರೂ ಒಂಬತ್ತಕ್ಕೇ ಬರತಕ್ಕದ್ದು

ಸಂದರ್ಶನ ಪತ್ರದ ಒಕ್ಕಣೆ ಎಲ್ಲ ಕಡೆಯೂ ಒಂದೇ. 'ಬೆಳಿಗ್ಗೆ 9 ಗಂಟೆಗೆ ಸರಿಯಾಗಿ ಮೂಲ ದಾಖಲೆಗಳೊಂದಿಗೆ ಹಾಜರಿರತಕ್ಕದ್ದು. ತಡವಾಗಿ ಬಂದವರನ್ನು ಪರಿಗಣಿಸಲಾಗುವುದಿಲ್ಲ. ಪ್ರಯಾಣ ಭತ್ಯೆ ಇರುವುದಿಲ್ಲ.' ಈ ಪತ್ರ ಒಬ್ಬರಿಗೆ ಬಂದರೆ ಗೌರವ. 120 ಜನಕ್ಕೆ ಅದೇ ದಿನ, ಅದೇ ಗಂಟೆಗೆ ಬಂದರೆ ಜಾತ್ರೆ. ತೇರು ಮಾತ್ರ ಇರುವುದಿಲ್ಲ.

ಜಿಲ್ಲಾ ಕೇಂದ್ರವೊಂದರ ಕಚೇರಿಯಲ್ಲಿ ಡಾಟಾ ಎಂಟ್ರಿ ಆಪರೇಟರ್ ಕೆಲಸಕ್ಕೆ, ಅದೂ ಗುತ್ತಿಗೆ ಮೇಲೆ, ಇಂಥದೊಂದು ಜಾತ್ರೆ ನಡೆಯಿತು. ಅಭ್ಯರ್ಥಿಗಳು 120, ಸಂದರ್ಶನ ಸಮಿತಿಗಳು ನಾಲ್ಕು, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಕಾಗದದ ಮೇಲೆ ಲೆಕ್ಕ ಚೊಕ್ಕ. ನಾಲ್ಕು ಸಮಿತಿ ಸೇರಿ ಗಂಟೆಗೆ ಹದಿನಾರು ಜನ, ಏಳೂವರೆ ಗಂಟೆಯಲ್ಲಿ ಕೆಲಸ ಮುಗಿಯಬೇಕು. ಎಲ್ಲರನ್ನೂ ಒಂಬತ್ತಕ್ಕೇ ಯಾಕೆ ಕರೆದಿರಿ ಎಂದು ಕೇಳಿದರೆ ಅಧಿಕಾರಿಗಳ ಉತ್ತರ ಸಿದ್ಧವಿತ್ತು: "ಸಮಿತಿಯವರು ದೊಡ್ಡ ಮನುಷ್ಯರು. ಅವರನ್ನ ಒಂದು ನಿಮಿಷವೂ ಖಾಲಿ ಕೂರಿಸಬಾರದು." ಒಪ್ಪತಕ್ಕ ಮಾತೇ. ಕೆಲಸ ಇಲ್ಲದವನ ಸಮಯಕ್ಕೆ ಬೆಲೆ ಇದ್ದಿದ್ದರೆ ಅವನು ಕೆಲಸ ಕೇಳಿಕೊಂಡು ಯಾಕೆ ಬರುತ್ತಿದ್ದ?

ಹಾಗಾದರೆ ಆ ದೊಡ್ಡ ಮನುಷ್ಯರು ಖಾಲಿ ಕೂರಲಿಲ್ಲವೇ? ನೋಡೋಣ.

ಪಟ್ಟಿ ಮಾಡುವ ಹೊಣೆ ಹೊತ್ತವರು ಎಕ್ಸೆಲ್ ತೆರೆದರು, ಹೆಸರಿನ ಕಾಲಮ್ಮಿನ ಮೇಲೆ ಸಾರ್ಟ್ ಒತ್ತಿದರು. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಅನಿಲ ಮೇಲೆ, ಯಲ್ಲಪ್ಪ ಕೆಳಗೆ. ಆಮೇಲೆ ಪಟ್ಟಿಯನ್ನು ನಾಲ್ಕು ತುಂಡು ಮಾಡಿದರು. ಎ ಇಂದ ಜಿ ವರೆಗೆ ಒಂದನೇ ಸಮಿತಿ, ಎಚ್ ಇಂದ ಎಂ ಎರಡನೆಯದು, ಎನ್ ಇಂದ ಆರ್ ಮೂರನೆಯದು, ಎಸ್ ಇಂದ ಝಡ್ ನಾಲ್ಕನೆಯದು. ಅಕ್ಷರಗಳೇನೋ ಸರಿಸುಮಾರು ಸಮನಾಗಿಯೇ ಹಂಚಿಹೋದವು. ಆದರೆ ನಮ್ಮ ನಾಡಿನಲ್ಲಿ ಸುರೇಶ, ಸವಿತಾ, ಶಿವಕುಮಾರ, ಶಂಕರ, ಸುನೀತಾ, ವೀರೇಶ, ವಿಜಯಾ ಇವರೆಲ್ಲ ಎಷ್ಟಿದ್ದಾರೆ ಎಂದು ಎಕ್ಸೆಲ್ಲಿಗೆ ಯಾರೂ ಹೇಳಿರಲಿಲ್ಲ. ಸಮಿತಿಗಳಿಗೆ ಕ್ರಮವಾಗಿ 27, 24, 27 ಮತ್ತು 42 ಜನ ಬಂದರು.

ಇಷ್ಟೇ ಆಗಿದ್ದರೆ ನಾಲ್ಕನೇ ಸಮಿತಿಗೆ ಸ್ವಲ್ಪ ಹೆಚ್ಚು ಕೆಲಸ ಎಂದು ಬಿಡಬಹುದಿತ್ತು. ಆದರೆ ಸಮಿತಿಯ ಕೋಣೆಗೆ ಹೋಗುವ ಮೊದಲು ದಾಖಲೆ ಪರಿಶೀಲನೆ ಆಗಬೇಕು. ಅದಕ್ಕೆ ಇದ್ದದ್ದು ಒಂದು ಮೇಜು, ಒಬ್ಬ ಗುಮಾಸ್ತರು. ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ, ಆಧಾರ್, ಜೆರಾಕ್ಸಿನ ಮೇಲೆ ಸ್ವಯಂ ದೃಢೀಕರಣದ ಸಹಿ, ಎಲ್ಲ ನೋಡಿ ಸೀಲು ಹಾಕುವಷ್ಟರಲ್ಲಿ ತಲೆಗೆ ಐದು ನಿಮಿಷ. ಪಾಪ, ಅವರ ಕೈ ಚುರುಕಾಗಿಯೇ ಇತ್ತು. ಆದರೂ ಗಂಟೆಗೆ ಹನ್ನೆರಡೇ ಜನ. ಒಳಗಿನ ನಾಲ್ಕು ಸಮಿತಿಗಳಿಗೆ ಗಂಟೆಗೆ ಹದಿನಾರು ಜನ ಬೇಕು. ಅಂದರೆ ಗೇಟಿನ ಹೊರಗೆ ಸಾವಿರ ಜನ ನಿಂತಿದ್ದರೂ ಒಳಗಿನವರು ನಡುನಡುವೆ ಖಾಲಿ ಕೂರಲೇಬೇಕು.

ಈಗ ಈ ಎರಡು ಜಾಣತನಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಗುಮಾಸ್ತರೂ ಹೆಸರು ಕೂಗಿಸಿದ್ದು ಅದೇ ಪಟ್ಟಿಯ ಕ್ರಮದಲ್ಲಿ. ಒಂಬತ್ತಕ್ಕೆ ಶುರುವಾದರೆ ಮೊದಲ 27 ಜನ ಒಂದನೇ ಸಮಿತಿಯವರೇ. ಅವರು ಮುಗಿಯುವ ಹೊತ್ತಿಗೆ ಹನ್ನೊಂದೂಕಾಲು, ಎರಡನೇ ಸಮಿತಿಗೆ ಮೊದಲ ಅಭ್ಯರ್ಥಿಯ ಮುಖ ಕಾಣುವುದು ಆಗ. ಮೂರನೆಯದಕ್ಕೆ ಒಂದೂಕಾಲರ ಮೇಲೆ. ನಾಲ್ಕನೆಯದರ ಸರದಿ ಬರಲು ಅದಕ್ಕೂ ಮೊದಲಿನ 78 ಜನರ ಕಾಗದಪತ್ರ ಮುಗಿಯಬೇಕು, ಅಂದರೆ ಮಧ್ಯಾಹ್ನ ಮೂರೂವರೆ. ಅತಿ ಹೆಚ್ಚು ಜನರಿರುವ ಸಮಿತಿ ಆರೂವರೆ ಗಂಟೆ ಪೇಪರ್ ಓದುತ್ತಾ, ಗೋಡಂಬಿ ಬಿಸ್ಕತ್ತಿನ ತಟ್ಟೆ ಖಾಲಿ ಮಾಡುತ್ತಾ ಕೂತಿತ್ತು. ಅದೇ ಗೋಡೆಯ ಇನ್ನೊಂದು ಬದಿಯ ಕಾರಿಡಾರಿನಲ್ಲಿ ಅವರ 42 ಅಭ್ಯರ್ಥಿಗಳು ನೆಲದ ಮೇಲೆ ಕೂತಿದ್ದರು.

"ಸರ, ಮುಂಜಾನಿಂದ ಕುಂತೀವ್ರಿ. ಚಾ ಕುಡ್ದು ಬರ್ಲೇನ್ರಿ?" ಎಂದು ಯಲ್ಲಪ್ಪನೊಬ್ಬ ಕೇಳಿದ.

"ಹೋಗ್ರಿ, ಯಾರ್ ಬೇಡ ಅಂದ್ರು? ಹೆಸರು ಕೂಗ್ದಾಗ ಇಲ್ದಿದ್ರೆ ಮಾತ್ರ ನನ್ನ ಕೇಳ್ಬೇಡಿ" ಎಂದರು ಅಟೆಂಡರು. ಯಲ್ಲಪ್ಪ ಮತ್ತೆ ಕೂತ.

ತಲೆಗೆ ಹದಿನೈದು ನಿಮಿಷದಂತೆ 42 ಜನಕ್ಕೆ ಹತ್ತೂವರೆ ಗಂಟೆ. ಮೂರೂವರೆಗೆ ಶುರು ಮಾಡಿದರೆ ಮುಗಿಯುವುದು ರಾತ್ರಿ ಎರಡಕ್ಕೆ. ಸಮಿತಿಯವರಿಗೂ ಮನೆ ಮಠ ಇದೆ. ಸಂಜೆ ಆರರ ಹೊತ್ತಿಗೆ ಹತ್ತು ಜನ ಮುಗಿದು 32 ಉಳಿದಿದ್ದರು. ಎಂಟಕ್ಕೆ ಬಾಗಿಲು ಹಾಕಬೇಕೆಂದರೆ ತಲೆಗೆ ನಾಲ್ಕು ನಿಮಿಷವೂ ಇಲ್ಲ. ಬೆಳಿಗ್ಗೆ ಅನಿಲನನ್ನು ಟೈಪಿಂಗ್ ವೇಗ, ಹಿಂದಿನ ಅನುಭವ, ನುಡಿಯಿಂದ ಯೂನಿಕೋಡಿಗೆ ಹೇಗೆ ಬದಲಾಯಿಸುತ್ತೀರಿ ಎಂದೆಲ್ಲ ವಿಚಾರಿಸಿದ್ದರು. ರಾತ್ರಿ ಯಲ್ಲಪ್ಪನಿಗೆ ಬಂದ ಪ್ರಶ್ನೆ ಎರಡೇ: ಯಾವೂರು, ಮದುವೆ ಆಗಿದೆಯಾ. ಇಬ್ಬರಿಗೂ ಅಂಕ ಮಾತ್ರ ಒಂದೇ ನಮೂನೆಯ ಹಾಳೆಯಲ್ಲಿ. ಮಗುವಿಗೆ ಹೆಸರಿಡುವಾಗ ನಕ್ಷತ್ರ ನೋಡುತ್ತಾರಲ್ಲ, ಎಕ್ಸೆಲ್ಲನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು.

ಇದನ್ನು ಬಿಡಿಸಲು ಹೊಸ ವಿದ್ಯೆ ಏನೂ ಬೇಕಿಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಲ್ಲಿ ಇದೇ ಗೋಳಿತ್ತು, ಡಾಕ್ಟರ ಸಮಯ ಹಾಳಾಗಬಾರದೆಂದು ರೋಗಿಗಳನ್ನು ಗುಂಪಾಗಿ ಕೂರಿಸುತ್ತಿದ್ದರು. 1952ರಲ್ಲಿ ಬೇಯ್ಲಿ ಮತ್ತು ವೆಲ್ಚ್ ಎಂಬಿಬ್ಬರು ಲೆಕ್ಕ ಹಾಕಿ ಒಂದು ಸರಳ ದಾರಿ ಹೇಳಿದರು. ಶುರುವಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಒಬ್ಬರಿಗೆ ಸರಾಸರಿ ಎಷ್ಟು ಹೊತ್ತು ಬೇಕೋ ಅಷ್ಟಷ್ಟು ಹೊತ್ತಿಗೆ ಒಬ್ಬೊಬ್ಬರನ್ನು ಕರೆಯಿರಿ. ಒಬ್ಬರು ಬಾರದೆ ಹೋದರೂ ಇನ್ನೊಬ್ಬರು ಅಲ್ಲೇ ಇರುತ್ತಾರೆ, ಡಾಕ್ಟರು ಖಾಲಿ ಕೂರುವುದಿಲ್ಲ.

ನಮ್ಮ ಕಚೇರಿಗೆ ಇದನ್ನು ಹೊಂದಿಸಿದರೆ ಹೀಗೆ. ದಾಖಲೆ ಪರಿಶೀಲನೆಗೆ ಇನ್ನೊಂದು ಮೇಜು ಹಾಕಿ, ಗಂಟೆಗೆ 24 ಜನ ಸಾಗುತ್ತಾರೆ, ಸಮಿತಿಗಳ ಹಸಿವಿಗೆ ಅದು ಸಾಕು. 8:40ಕ್ಕೆ ಎಂಟು ಜನರನ್ನು ಕರೆಯಿರಿ. ಒಂಬತ್ತರಿಂದ ಹದಿನೈದು ನಿಮಿಷಕ್ಕೆ ನಾಲ್ವರಂತೆ ಬರಹೇಳಿ. ಅಕ್ಷರದ ವಿಂಗಡಣೆ ಬಿಟ್ಟು ಎಲ್ಲರಿಗೂ ಒಂದೇ ಟೋಕನ್ ಸಾಲು ಮಾಡಿ, ಯಾವ ಕೋಣೆ ಖಾಲಿಯಾಯಿತೋ ಅಲ್ಲಿಗೆ ಮುಂದಿನ ಟೋಕನ್. ಎಲ್ಲರೂ ಒಂದೇ ಹುದ್ದೆಯ ಅಭ್ಯರ್ಥಿಗಳಾದ್ದರಿಂದ ಅಡ್ಡಿಯಿಲ್ಲ. ಬೇರೆ ಬೇರೆ ವಿಷಯಗಳ ಉಪನ್ಯಾಸಕರಾಗಿದ್ದರೆ ಹೀಗೆ ಬೆರೆಸಲು ಬರುತ್ತಿರಲಿಲ್ಲ, ಕನ್ನಡದವರನ್ನು ರಸಾಯನಶಾಸ್ತ್ರದವರ ಮುಂದೆ ಕೂರಿಸಲಾಗದು. ಒಬ್ಬರ ಸಂದರ್ಶನ ಹತ್ತು ನಿಮಿಷಕ್ಕೆ ಮುಗಿದರೆ ಇನ್ನೊಬ್ಬರದು ಇಪ್ಪತ್ತೈದಕ್ಕೆ ಹೋಗುತ್ತದೆ, ಆದ್ದರಿಂದ ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಹಿಂದೆ ಬೀಳುವುದು ಇದ್ದದ್ದೇ. ಊಟದ ಬಿಡುವನ್ನು ಸ್ವಲ್ಪ ಉದಾರವಾಗಿ ಇಟ್ಟರೆ ಅದು ಅಲ್ಲೇ ಸರಿಹೋಗುತ್ತದೆ. ಅಭ್ಯರ್ಥಿ ಕಾಯುವುದು ಅರ್ಧ ಗಂಟೆಯೋ, ಮುಕ್ಕಾಲು ಗಂಟೆಯೋ. ಅರ್ಜಿಯಲ್ಲಿ ಪಿನ್ ಕೋಡ್ ಇದ್ದೇ ಇದೆ, ದೂರದ ತಾಲ್ಲೂಕಿನವರಿಗೆ ಮಧ್ಯಾಹ್ನದ ಹೊತ್ತು ಕೊಟ್ಟರೆ ಮೊದಲ ಬಸ್ಸು ಹಿಡಿದು ಬರಬಹುದು, ಹಿಂದಿನ ರಾತ್ರಿಯೇ ಬಂದು ಬಸ್‌ಸ್ಟ್ಯಾಂಡಿನಲ್ಲಿ ಮಲಗಬೇಕಾಗಿಲ್ಲ.

ಇದನ್ನೆಲ್ಲ ಬರೆದು ಕೊಟ್ಟಾಗ ಅಧಿಕಾರಿಗಳು ತಾಳ್ಮೆಯಿಂದ ಓದಿದರು. "ಒಬ್ಬೊಬ್ಬರಿಗೆ ಒಂದೊಂದು ಟೈಮ್ ಕೊಟ್ಟರೆ ತಾರತಮ್ಯ ಆಗುತ್ತೆ, ನಾಳೆ ಕೋರ್ಟಿಗೆ ಹೋಗ್ತಾರೆ" ಎಂದರು. ಯುಪಿಎಸ್‌ಸಿಯವರು ದಿನಾಂಕ ಹಂಚಿ, ಬೆಳಿಗ್ಗೆಯ ಪಾಳಿ, ಮಧ್ಯಾಹ್ನದ ಪಾಳಿ ಎಂದು ಬೇರೆ ಬೇರೆ ಕರೆಯುತ್ತಾರಲ್ಲ ಎಂದರೆ, "ಅವರದ್ದು ದೆಹಲಿ ಬಿಡಿ" ಎಂದರು.

ಆದರೂ ದೂರು ಕಸದ ಬುಟ್ಟಿಗೆ ಹೋಗಲಿಲ್ಲ, ಅಷ್ಟರ ಮಟ್ಟಿಗೆ ಮೆಚ್ಚಬೇಕು. ಸಂದರ್ಶನ ರಾತ್ರಿಯಾದದ್ದು ತಡವಾಗಿ ಶುರುವಾದ್ದರಿಂದ ಎಂದು ತೀರ್ಮಾನವಾಯಿತು. ಮುಂದಿನ ನೇಮಕಾತಿಯ ಪತ್ರಗಳು ಆಗಲೇ ಅಂಚೆಗೆ ಹೋಗಿವೆ. ಕಾರಿಡಾರಿನ ಹೊರಗೆ ಶಾಮಿಯಾನ ಹಾಕಿಸಿ ಐವತ್ತು ಕುರ್ಚಿ ಬಾಡಿಗೆಗೆ ತರಿಸುತ್ತಾರಂತೆ. ಪರಿಶೀಲನೆಯ ಮೇಜು ಒಂದೇ, ಪಟ್ಟಿ ಅದೇ ಸಾರ್ಟು. ಅಭ್ಯರ್ಥಿಗಳೆಲ್ಲರೂ ಈ ಸಲ ಬೆಳಿಗ್ಗೆ 7 ಗಂಟೆಗೆ ಸರಿಯಾಗಿ ಹಾಜರಿರತಕ್ಕದ್ದು.