ಐದು ನೋಡಿನ ಚಿತ್ರ ಬಿಡಿಸಿ ಗ್ರಾಫ್ ಕಲಿಸಿದ್ದು ಸಾಕು

ಗ್ರಾಫ್ ಪಾಠ ಎಂದರೆ ಬೋರ್ಡಿನ ಮೇಲೆ ನೋಡ್ ಎನ್ನುವ ಐದು ವೃತ್ತ, ಅವನ್ನು ಜೋಡಿಸುವ ಎಡ್ಜ್ ಎನ್ನುವ ಆರು ಗೆರೆ, ಪಕ್ಕದಲ್ಲಿ ಇಪ್ಪತ್ತೈದು ಮನೆಗಳ ಮ್ಯಾಟ್ರಿಕ್ಸ್. ಇಷ್ಟು ಚಿಕ್ಕ ಗ್ರಾಫಿನಲ್ಲಿ ಪ್ರತಿ ಜೋಡಿ ನೋಡ್‌ಗೂ ಒಂದು ಮನೆಯಿಟ್ಟು ಎಡ್ಜ್ ಇದ್ದರೆ 1, ಇಲ್ಲದಿದ್ದರೆ 0 ಬರೆಯುವ ಅಡ್ಜಸೆನ್ಸಿ ಮ್ಯಾಟ್ರಿಕ್ಸ್ ಆದರೇನು, ಪ್ರತಿ ನೋಡ್‌ನ ಮುಂದೆ ಅದರ ನೆರೆಯವರನ್ನಷ್ಟೇ ಬರೆಯುವ ಅಡ್ಜಸೆನ್ಸಿ ಲಿಸ್ಟ್ ಆದರೇನು, ಎರಡೂ ನಡೆಯುತ್ತವೆ. ಹಾಗಾಗಿ ಮ್ಯಾಟ್ರಿಕ್ಸೇ ಮಕ್ಕಳ ಕೈಗೆ ರೂಢಿಯಾಗಿಬಿಡುತ್ತದೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಒಂದು ನಗರದ ರಸ್ತೆಗಳನ್ನು ತೆಗೆದುಕೊಳ್ಳಿ. 1 ಲಕ್ಷ ಜಂಕ್ಷನ್, ಪ್ರತಿಯೊಂದಕ್ಕೂ ಸರಾಸರಿ 3 ರಸ್ತೆ ಎಂದಿಟ್ಟುಕೊಳ್ಳೋಣ. ಪ್ರತಿ ರಸ್ತೆ ಎರಡು ಜಂಕ್ಷನ್‌ಗಳಿಗೆ ಸೇರಿದ್ದರಿಂದ ಒಟ್ಟು ಎಡ್ಜ್ ಒಂದೂವರೆ ಲಕ್ಷ. ಮ್ಯಾಟ್ರಿಕ್ಸ್ ಕಟ್ಟಿದರೆ ಸಾವಿರ ಕೋಟಿ ಮನೆಗಳು ಬೇಕು. ಮನೆಗೆ ಒಂದು ಬೈಟ್ ಎಂದರೂ 10 ಜಿಬಿ. ಅದರಲ್ಲಿ 1 ಇರುವುದು 3 ಲಕ್ಷ ಮನೆಗಳಲ್ಲಿ, ಉಳಿದದ್ದೆಲ್ಲ ಸೊನ್ನೆ. ಹೇಗೋ ಮೆಮೊರಿ ಹೊಂದಿಸಿದಿರಿ ಅನ್ನಿ, ನೆರೆಯವರಿಂದ ನೆರೆಯವರಿಗೆ ಹಂತಹಂತವಾಗಿ ಗ್ರಾಫ್ ಸುತ್ತುವ ಬಿಎಫ್‌ಎಸ್ ಓಡಿಸಿದಾಗ ಮೂರು ನೆರೆಯ ನೋಡ್‌ಗಳಿಗಾಗಿ ಪ್ರತಿ ಸಲವೂ 1 ಲಕ್ಷ ಮನೆಗಳ ಸಾಲನ್ನು ಪೂರ್ತಿ ನೋಡಬೇಕು. ಲಿಸ್ಟಿನಲ್ಲಾದರೆ ಇರುವುದೇ 3 ಲಕ್ಷ ನಮೂದು. ಎಲ್ಲ ಸೇರಿ 10 ಎಂಬಿ ಒಳಗೆ ಮುಗಿಯುತ್ತದೆ.

ಲಿಸ್ಟಿಗೂ ಒಂದು ಕೊರತೆಯಿದೆ. ಈ ಎರಡು ನೋಡ್‌ಗಳ ನಡುವೆ ಎಡ್ಜ್ ಇದೆಯೇ ಎಂದು ಕೇಳಿದರೆ ಮ್ಯಾಟ್ರಿಕ್ಸ್ ಒಂದೇ ಮನೆ ನೋಡಿ ಹೇಳುತ್ತದೆ, ಲಿಸ್ಟ್ ನೆರೆಯವರನ್ನೆಲ್ಲ ಹುಡುಕಬೇಕು. ಮೂರು ರಸ್ತೆಯ ಜಂಕ್ಷನ್ನಿನಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಹಾಗಾದರೆ ಮ್ಯಾಟ್ರಿಕ್ಸೇ ಲಾಭ ಅನ್ನುವಷ್ಟು ಎಡ್ಜ್ ತುಂಬಿದ ಗ್ರಾಫ್, ಅಂದರೆ ಡೆನ್ಸ್ ಅನ್ನುವುದು ಎಲ್ಲಿಂದ ಶುರು? ಅರ್ಧ ತುಂಬಿದ ಮೇಲೆ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಮನೆಯೊಳಗೆ ಏನು ಇಡುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ. 1000 ನೋಡ್ ಇರಲಿ. ಎಡ್ಜ್ ಇದೆ ಅಥವಾ ಇಲ್ಲ ಅಷ್ಟೇ ಸಾಕಾದರೆ ಮನೆಗೆ ಒಂದು ಬಿಟ್ ಸಾಕು, ಮ್ಯಾಟ್ರಿಕ್ಸ್ ಪೂರ್ತಿ 1.25 ಲಕ್ಷ ಬೈಟ್. ಲಿಸ್ಟಿನಲ್ಲಿ ಒಂದು ಎಡ್ಜ್ ಎರಡೂ ಕಡೆ ನಮೂದಾಗುತ್ತದೆ, ನಾಲ್ಕು ನಾಲ್ಕು ಬೈಟಿನಂತೆ 8 ಬೈಟ್. ಅಂದರೆ 15,625 ಎಡ್ಜ್ ದಾಟಿದೊಡನೆ ಮ್ಯಾಟ್ರಿಕ್ಸೇ ಚಿಕ್ಕದು. ಇರಬಹುದಾದ 4,99,500 ಎಡ್ಜ್‌ಗಳಲ್ಲಿ ಅದು ಬರೀ ಶೇ. 3ರಷ್ಟು! ಅದೇ ಪ್ರತಿ ಎಡ್ಜಿಗೂ 4 ಬೈಟಿನ ದೂರ ಇಡಬೇಕಾದರೆ ಮ್ಯಾಟ್ರಿಕ್ಸ್ 40 ಲಕ್ಷ ಬೈಟ್ ಆಗುತ್ತದೆ, ಲಿಸ್ಟಿನಲ್ಲಿ ಎಡ್ಜಿಗೆ 16 ಬೈಟ್. ಆಗ ಗಡಿ 2.5 ಲಕ್ಷ ಎಡ್ಜ್, ಸರಿಸುಮಾರು ಅರ್ಧ.

ವೇಗದ ಲೆಕ್ಕವೂ ಹೀಗೇ ತಿರುಗುತ್ತದೆ. ಪೂರ್ತಿ ತುಂಬಿದ 1000 ನೋಡಿನ ಗ್ರಾಫಿನಲ್ಲಿ ಅತಿ ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರಾ, ಅತಿ ಚಿಕ್ಕ ದೂರವನ್ನು ಬೇಗ ತೆಗೆದುಕೊಡುವ ಹೀಪ್ ಇಲ್ಲದೆ ಸಾದಾ ರೂಪದಲ್ಲೇ, ಹತ್ತಿಪ್ಪತ್ತು ಲಕ್ಷ ಹೆಜ್ಜೆಯಲ್ಲಿ ಮುಗಿಯುತ್ತದೆ. ಹೀಪ್ ಬಳಸಿದರೆ ಅತಿ ಕೆಟ್ಟ ಸಂದರ್ಭದಲ್ಲಿ ಅದು ಕೋಟಿಯ ಹತ್ತಿರ ಹೋಗಬಹುದು. ರಸ್ತೆಯ ಗ್ರಾಫಿನಲ್ಲಿ ಹೀಪ್ ಇಲ್ಲದೆ ಹೊರಟರೆ ಮತ್ತೆ ಅದೇ ಸಾವಿರ ಕೋಟಿ. ನೋಡ್ ಎಷ್ಟು, ಎಡ್ಜ್ ಎಷ್ಟು ಎಂದು ಮೊದಲು ಕೇಳದೆ ಯಾವುದು ಒಳ್ಳೆಯದು ಎಂದು ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಗೆ ಉತ್ತರವೇ ಇಲ್ಲ.