ಸ್ಪಷ್ಟನೆ: ಕೀಲಿನ ಬಲ ತೊಲೆಯ ನೇರಕ್ಕೇ ಇರಬೇಕೆಂದಿಲ್ಲ

ಗ್ರೂಪುಗಳಲ್ಲಿ ಫಾರ್ವರ್ಡ್ ಆಗುತ್ತಿರುವ ಒಂದು ಮೆಸೇಜ್ ಹೀಗೆ ಹೇಳುತ್ತದೆ: “ಗೋಡೆಗೆ ಕೀಲು ಹಾಕಿದ ತೊಲೆಯಲ್ಲಿ ಕೀಲಿನ ಬಲ ಯಾವಾಗಲೂ ತೊಲೆಯ ನೇರಕ್ಕೇ ಇರುತ್ತೆ. T sin θ = ಒಟ್ಟು ತೂಕ ಅಂತ ಬರೆದರೆ ಒಂದೇ ಸಾಲಲ್ಲಿ ಉತ್ತರ.”

ಇಲ್ಲಿ T ಅಂದರೆ ತೊಲೆಯನ್ನು ಹಿಡಿದ ಕೇಬಲ್ಲಿನ ಎಳೆತ, θ ಅಂದರೆ ಕೇಬಲ್ಲಿಗೂ ತೊಲೆಗೂ ನಡುವಿನ ಕೋನ. ಈ ಮಾತು ತಪ್ಪು. ತೊಲೆಗೆ ತೂಕವೇ ಇಲ್ಲದೆ, ಭಾರವೂ ಕೇಬಲ್ಲೂ ಒಂದೇ ತುದಿಯಲ್ಲಿದ್ದಾಗ ಮಾತ್ರ ಸರಿ.

4 ಮೀಟರಿನ ಅಡ್ಡ ತೊಲೆ, ತೂಕ 200 N. ಹೊರತುದಿಯಲ್ಲಿ 300 N ಭಾರ. ಅಲ್ಲಿಂದಲೇ ಮೇಲಕ್ಕೆ ಗೋಡೆಯವರೆಗೆ, ತೊಲೆಯೊಂದಿಗೆ 30° ಕೋನದಲ್ಲಿ ಕೇಬಲ್. ಮೆಸೇಜಿನ ಲೆಕ್ಕದಲ್ಲಿ T = 1000 N. ಆದರೆ ಕೀಲಿನ ಸುತ್ತ ಟಾರ್ಕ್ ಬರೆಯಿರಿ. ತೊಲೆಯ ತೂಕ ನಡುವೆ, ಅಂದರೆ 2 ಮೀಟರಿನಲ್ಲಿ ಇಳಿಯುತ್ತದೆ:

T × 4 × sin 30° = 200 × 2 + 300 × 4

T = 800 N. ಇದರ ಮೇಲ್ಮುಖ ಭಾಗ 400 N ಮಾತ್ರ. ಒಟ್ಟು ತೂಕ 500 N, ಉಳಿದ 100 N ಹೊರುವುದು ಕೀಲು. ಅಡ್ಡಕ್ಕೆ ಕೀಲು 800 cos 30°, ಸುಮಾರು 693 N ಬಲದಿಂದ ತೊಲೆಯನ್ನು ಗೋಡೆಯಿಂದಾಚೆಗೆ ತಳ್ಳುತ್ತದೆ. ಎರಡೂ ಸೇರಿ 700 N, ತೊಲೆಗಿಂತ ಸುಮಾರು 8° ಮೇಲಕ್ಕೆ.

ಅನುಮಾನವಿದ್ದರೆ ಹೊರತುದಿಯ ಸುತ್ತ ಟಾರ್ಕ್ ತೆಗೆಯಿರಿ. ಕೇಬಲ್, ಭಾರ ಎರಡೂ ಲೆಕ್ಕದಿಂದ ಬಿದ್ದುಹೋಗುತ್ತವೆ. 200 × 2 ಅನ್ನು 4ರಿಂದ ಭಾಗಿಸಿದರೆ ಅದೇ 100 N. ಮೆಸೇಜಿನ ಸೂತ್ರ ಇಲ್ಲೇ ಮುಗ್ಗರಿಸುತ್ತದೆ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.