ಕಣ್ಣೆದುರೇ ಇರೋ ಫೋಲ್ಡರ್ ‘ಇಲ್ಲ’ವಂತೆ!

ರಾಜಾಜಿನಗರದಲ್ಲಿ ಪರಿಚಯದವರ ಪ್ರಿಂಟಿಂಗ್ ಪ್ರೆಸ್‌ನಿಂದ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಅವರ ವಿಂಡೋಸ್ ಕಂಪ್ಯೂಟರ್‌ನಲ್ಲಿ ಲಗ್ನಪತ್ರಿಕೆಯ ಹಳೇ ಫೋಲ್ಡರೊಂದು ಡಿಲೀಟ್ ಆಗ್ತಿಲ್ಲ. ಒತ್ತಿದರೆ "Could not find this item" ಅನ್ನುತ್ತೆ. ಇಲ್ಲದ್ದನ್ನ ತೋರಿಸ್ತಾ ಇರೋನು ಯಾರಪ್ಪಾ, ನೀನೇ ತಾನೆ?

ರಿಪೇರಿ ಹುಡುಗ "ವೈರಸ್ ಸಾರ್, ಫಾರ್ಮ್ಯಾಟ್ ಮಾಡ್ಬಿಡೋಣ" ಅಂತ ತಯಾರಾಗಿ ನಿಂತಿದ್ದ. ಡಿಸೈನರ್ ಉಬುಂಟು ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಿ ಡಿಸ್ಕ್ ತಂದುಕೊಟ್ಟಿದ್ರು ಅಂತ ಕೇಳಿದ ಕೂಡಲೇ ನನಗೆ ಅನುಮಾನ ಬಂತು. ಕಮಾಂಡ್ ಪ್ರಾಂಪ್ಟ್ ತೆರೆದು ಫೋಲ್ಡರ್ ಹೆಸರುಗಳನ್ನ ಕಂಸದೊಳಗೆ ಬರೆಸಿ ನೋಡಿದೆ:

```
cd /d E:\Jobs
for /d %i in (*) do @echo [%i]
```

ಬಂತು: `[Lagna ]`. ಕೊನೇಲಿ ಒಂದು ಖಾಲಿ ಜಾಗ, ಅಷ್ಟೇ. ಡಿಸ್ಕಿನ ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್‌ಗೆ ಅಂಥ ಹೆಸರು ಪೂರ್ತಿ ಒಪ್ಪಿಗೆ, ಲಿನಕ್ಸ್‌ಗೂ ಒಪ್ಪಿಗೆ. ಆದರೆ ವಿಂಡೋಸ್ ತಾನೇ ದೊಡ್ಡ ಮನುಷ್ಯ, ಹೆಸರಿನ ಕೊನೆಯ ಸ್ಪೇಸನ್ನೂ ಚುಕ್ಕಿಯನ್ನೂ ಕತ್ತರಿಸಿ `Lagna` ಅಂತ ಹುಡುಕಿ, ಸಿಗಲಿಲ್ಲ ಅಂತ ಕೈ ಎತ್ತುತ್ತೆ. ಹಳೇ ಪ್ರೋಗ್ರಾಂಗಳು ನಡೀಬೇಕಲ್ಲ ಅಂತ ಕೆಲವರು ವಕಾಲತ್ತು ವಹಿಸ್ತೀರಿ, ಗೊತ್ತು. ನಡೀಲಿ. ಆದರೆ "ಹೆಸರಿನ ಕೊನೇಲಿ ಸ್ಪೇಸ್ ಇದೆ" ಅಂತ ಒಂದು ಸಾಲು ಹೇಳೋಕೆ ಯಾವ ಹಳೇ ಪ್ರೋಗ್ರಾಂ ಅಡ್ಡ ಬರುತ್ತೆ?

ಪರಿಹಾರ ಇಷ್ಟೇ. ಫೋಲ್ಡರಿನ ದಾರಿಯ, ಅಂದರೆ ಪಾತ್‌ನ, ಮುಂದೆ `\\?\` ಸೇರಿಸಿದರೆ ಆ ಕತ್ತರಿ ಕೆಲಸ ನಿಲ್ಲುತ್ತೆ, ಬರೆದ ಹೆಸರು ಹಾಗೇ ಡಿಸ್ಕಿಗೆ ಮುಟ್ಟುತ್ತೆ:

```
rd /s "\\?\E:\Jobs\Lagna "
```

ಡ್ರೈವ್ ಅಕ್ಷರದಿಂದ ಪೂರ್ತಿ ದಾರಿ ಕೊಡಬೇಕು. ಉದ್ಧರಣ ಚಿಹ್ನೆ ಮುಚ್ಚೋ ಮೊದಲು ಆ ಸ್ಪೇಸ್ ಇರಲೇಬೇಕು, ಎರಡಿದ್ದರೆ ಎರಡೂ. Y ಒತ್ತಿದೆ, ಹೋಯ್ತು. ಇದು ರಿಸೈಕಲ್ ಬಿನ್‌ಗೆ ಹೋಗಲ್ಲ ಅನ್ನೋದು ನೆನಪಿರಲಿ, ಅದಕ್ಕೇ ಓನರ್ ಹತ್ರ ಎರಡು ಸಲ ಕೇಳಿಕೊಂಡೇ ಒತ್ತಿದ್ದು.

ನನಗೆ ನಿಜವಾಗಿ ಭಯ ಆಗಿದ್ದು ಬೇರೆ ವಿಷಯಕ್ಕೆ. ಪಕ್ಕದಲ್ಲೇ ಸ್ಪೇಸ್ ಇಲ್ಲದ `Lagna` ಇದ್ದು, ಅದರಲ್ಲಿ ಈ ವಾರದ ಕೆಲಸ ಇದ್ದಿದ್ದರೆ? `\\?\` ಇಲ್ಲದೆ `rd /s` ಕೊಟ್ಟಿದ್ದರೆ ವಿಂಡೋಸ್ ಸ್ಪೇಸ್ ಕತ್ತರಿಸಿ ಆ ಒಳ್ಳೇ ಫೋಲ್ಡರನ್ನೇ ನುಂಗ್ತಿತ್ತು. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಕಂಡರೆ ಎಕ್ಸ್‌ಪ್ಲೋರರ್‌ನಲ್ಲಿ ಡಿಲೀಟ್ ಬಟನ್ ಮುಟ್ಟಲೇಬೇಡಿ.

ದಾರಿ 260 ಅಕ್ಷರ ದಾಟಿ, ಹೆಸರು ಉದ್ದ ಅಂತ ಮೊಂಡು ಹಿಡಿಯೋ ಫೋಲ್ಡರಿಗೂ ಇದೇ `\\?\` ನಡೆಯುತ್ತೆ. ನೆಟ್‌ವರ್ಕ್ ಶೇರ್ ಆದರೆ ಮಾತ್ರ `\\?\UNC\` ಅಂತ ಶುರು ಮಾಡಿ ಸರ್ವರ್ ಹೆಸರು, ಶೇರ್ ಹೆಸರು ಬರೀರಿ.

ಆ ಹುಡುಗ ಮಾತ್ರ ಹೊರಡೋವಾಗಲೂ "ಆದ್ರೂ ಒಂದ್ಸಲ ಫಾರ್ಮ್ಯಾಟ್ ಮಾಡಿದ್ರೆ ಒಳ್ಳೇದು ಸಾರ್" ಅಂತಿದ್ದ.